ಹಳೆಯ ಜಿಮೇಲ್ ತೆರೆಯುತ್ತಿಲ್ಲವೇ? ಅಕೌಂಟ್ ನಿಜಕ್ಕೂ ಹೋಗಿದೆಯೋ ಇಲ್ಲವೋ ಮೊದಲು ನೋಡಿ

ಹೋದ ತಿಂಗಳು ಬಸವನಗುಡಿಯಲ್ಲಿರುವ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಕಾಫಿ ಲೋಟದ ಜೊತೆಗೇ ತಮ್ಮ ಫೋನನ್ನೂ ನನ್ನ ಕೈಗೆ ಕೊಟ್ಟರು. "ನೋಡಮ್ಮ, ನನ್ನ ಜಿಮೇಲ್ ಡಿಲೀಟ್ ಆಗಿದೆಯಂತೆ. ಮೊಬೈಲ್ ಅಂಗಡಿಯ ಹುಡುಗ ಹೇಳಿದ. ಸಾವಿರದ ಐನೂರು ಕೊಟ್ಟರೆ ವಾಪಸ್ ತರಿಸಿಕೊಡ್ತಾನಂತೆ" ಎಂದರು. ಆ ಅಕೌಂಟನ್ನು 2007ರಲ್ಲಿ ಗಾಂಧಿ ಬಜಾರಿನ ಒಂದು ಸೈಬರ್ ಕೆಫೆಯಲ್ಲಿ ಕೂತು ಅವರ ಮಗ, ಅಂದರೆ ನನ್ನ ಅಣ್ಣ, ಮಾಡಿಕೊಟ್ಟಿದ್ದ, ಆರ್ಕುಟ್‌ಗೆ ಸೇರಲು. ತಾತನ ಸಹಸ್ರ ಚಂದ್ರ ದರ್ಶನದ ಫೋಟೋಗಳೆಲ್ಲ ಅದರಲ್ಲೇ ಇವೆ. ಬೇರೆ ಕಡೆ ಒಂದೂ ಇಲ್ಲ.

ಆ ಅಕೌಂಟ್ ಡಿಲೀಟ್ ಆಗಿರಲಿಲ್ಲ. ಅದು ಹೇಗೆ ಗೊತ್ತಾಯಿತು ಅಂತ ಮುಂದೆ ಹೇಳುತ್ತೇನೆ. ಈ ಬರಹ ಮುಖ್ಯವಾಗಿ ಜಿಮೇಲ್ ಬಗ್ಗೆ, ಏಕೆಂದರೆ ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ಅದೇ.

ಮೊದಲು ನಿಯಮ ಏನು ಅಂತ ತಿಳಿದಿರಲಿ. ಎರಡು ವರ್ಷ ಬಳಸದ ಅಕೌಂಟುಗಳನ್ನು ಅಳಿಸುತ್ತೇವೆ ಎಂದು ಗೂಗಲ್ ಹೇಳಿದ್ದು 2023ರ ಮೇ ತಿಂಗಳಲ್ಲಿ. ಅಳಿಸುವ ಕೆಲಸ ಶುರುವಾಗಿದ್ದು ಅದೇ ವರ್ಷ ಡಿಸೆಂಬರಿನಿಂದ. ಇದು ಸ್ವಂತದ ಅಕೌಂಟುಗಳಿಗೆ ಮಾತ್ರ; ಆಫೀಸು, ಕಾಲೇಜು ಕೊಟ್ಟ ಅಕೌಂಟುಗಳಿಗೆ ಅನ್ವಯಿಸುವುದಿಲ್ಲ. ಬಳಸುವುದು ಅಂದರೆ ಮೇಲ್ ಓದುವುದೊಂದೇ ಅಲ್ಲ. ಆ ಅಕೌಂಟಿನಲ್ಲಿ ಲಾಗಿನ್ ಆಗಿದ್ದು ಯೂಟ್ಯೂಬ್ ನೋಡಿದರೂ, ಆಪ್ ಇಳಿಸಿಕೊಂಡರೂ, ಗೂಗಲ್‌ನಲ್ಲಿ ಏನಾದರೂ ಹುಡುಕಿದರೂ ಅದು ಬಳಕೆಯೇ. ಲೆಕ್ಕ ಇಡುವುದು ಅಕೌಂಟಿಗೆ, ಫೋನಿಗಲ್ಲ. ಹಾಗಾಗಿ ನೀವು ಮರೆತ ಅಕೌಂಟು ಮನೆಯ ಬೇರೆ ಯಾವುದೋ ಸಾಧನದಲ್ಲಿ ಸದ್ದಿಲ್ಲದೆ ಬದುಕಿರಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

`Wrong password` ಅಂತ ಬರುತ್ತಿದೆ

ಇದು ಒಳ್ಳೆಯ ಸುದ್ದಿ. ಪಾಸ್‌ವರ್ಡ್ ತಪ್ಪು ಅಂತ ಹೇಳಬೇಕಾದರೆ ಅಕೌಂಟ್ ಇರಲೇಬೇಕು ಅಲ್ವಾ? ಅಕೌಂಟ್ ಅಳಿಸಿಲ್ಲ. ಪಾಸ್‌ವರ್ಡ್ ಮರೆತಿದೆ, ಅಷ್ಟೇ. ಆದರೆ ಸುಮ್ನೆ ಹತ್ತಾರು ಸಲ ಊಹೆ ಮಾಡಿ ಒತ್ತಬೇಡಿ. ಸ್ವಲ್ಪ ಹೊತ್ತಿಗೆ ತಡೆ ಹಾಕುತ್ತದೆ, ಆಮೇಲೆ ಸರಿಯಾದದ್ದನ್ನು ಹಾಕಿದರೂ ಕಾಯಬೇಕಾಗುತ್ತದೆ. ಕೆಳಗೆ ಮಾಲೀಕತ್ವ ಸಾಬೀತು ಮಾಡುವ ಭಾಗವಿದೆ, ನೇರವಾಗಿ ಅಲ್ಲಿಗೆ ಹೋಗಿ.

`Couldn't find your Google Account` ಅಂತ ಬರುತ್ತಿದೆ

ಜನ ಗಾಬರಿಯಾಗುವುದು ಇಲ್ಲೇ. ಅಂಗಡಿಯ ಹುಡುಗ ನೋಡಿದ್ದೂ ಇದನ್ನೇ. ಇದರ ಅರ್ಥ "ನೀವು ಟೈಪ್ ಮಾಡಿದ ಹೆಸರಿನಲ್ಲಿ ಅಕೌಂಟ್ ಇಲ್ಲ" ಅಂತ, "ನಿಮ್ಮ ಅಕೌಂಟ್ ಹೋಯಿತು" ಅಂತ ಅಲ್ಲ. ಹೆಸರೇ ತಪ್ಪಿರಬಹುದು. ಹತ್ತು ವರ್ಷ ಮುಟ್ಟದ ಅಕೌಂಟಿನ ಹೆಸರು ಅಕ್ಷರ ಬಿಡದೆ ನೆನಪಿರುವವರು ಕಡಿಮೆ.

ದೊಡ್ಡಪ್ಪ ಟೈಪ್ ಮಾಡಿದ್ದನ್ನು ನೋಡಿದೆ. ಹೆಸರು ಮತ್ತು ಮನೆತನದ ಹೆಸರಿನ ನಡುವೆ ಅಂಡರ್‌ಸ್ಕೋರ್ ಇತ್ತು. ಅಲ್ಲಿಗೇ ಅನುಮಾನ ಬಂತು. ಜಿಮೇಲ್ ಹೆಸರಿನಲ್ಲಿ ಅಂಡರ್‌ಸ್ಕೋರ್ ಇರಲು ಸಾಧ್ಯವೇ ಇಲ್ಲ. ಅಕ್ಷರ, ಅಂಕಿ, ಚುಕ್ಕಿ, ಇಷ್ಟೇ. ಅಂಡರ್‌ಸ್ಕೋರ್ ಬಿಡುತ್ತಿದ್ದದ್ದು ಯಾಹೂ. ಅಂದರೆ ಅವರಿಗೆ ನೆನಪಿದ್ದದ್ದು ತಮ್ಮ ಹಳೆಯ ಯಾಹೂ ಐಡಿ, ಅದರ ಬಾಲಕ್ಕೆ ಜಿಮೇಲ್ ಸೇರಿಸಿಕೊಂಡಿದ್ದರು. ಇದೇ ಜಾತಿಯ ಇನ್ನೊಂದು ತಪ್ಪು ನಮ್ಮಲ್ಲಿ ಜಾಸ್ತಿ: ಯಾಹೂಗೆ ಡಾಟ್ ಕೋ ಡಾಟ್ ಇನ್ ಇತ್ತಲ್ಲ ಎಂದು ಜಿಮೇಲ್‌ಗೂ ಅದನ್ನೇ ಹಾಕುವುದು. ಜಿಮೇಲ್‌ಗೆ `gmail.com` ಮಾತ್ರ. ಚುಕ್ಕಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೆಸರಿನ ನಡುವೆ ಚುಕ್ಕಿ ಇದ್ದರೂ ಇಲ್ಲದಿದ್ದರೂ ಜಿಮೇಲ್‌ಗೆ ಎರಡೂ ಒಂದೇ. ಕೊನೆಯ ಅಂಕಿಗಳು ಮಾತ್ರ ಪಕ್ಕಾ ಇರಬೇಕು: 52 ಬೇರೆ, 1952 ಬೇರೆ.

ಸರಿಯಾದ ವಿಳಾಸ ಹುಡುಕಲು ಕಾಸು ಖರ್ಚಿಲ್ಲದ ಜಾಗಗಳಿವೆ. ಮಕ್ಕಳ, ನೆಂಟರ ಮೇಲ್ ಪೆಟ್ಟಿಗೆಯಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿಸಿ, ಹಳೆಯ ಮೇಲ್ ಒಂದಾದರೂ ಸಿಗುತ್ತದೆ. ವಿಸಿಟಿಂಗ್ ಕಾರ್ಡು, ಮದುವೆಯ ಲಗ್ನಪತ್ರಿಕೆ, ವಿಮೆಯ ಕಾಗದ, ಬ್ಯಾಂಕಿನ ಹಳೆಯ ಪತ್ರ ನೋಡಿ. ಮನೆಯಲ್ಲಿರುವ ಹಳೆಯ ಫೋನು, ಟ್ಯಾಬ್, ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಎಂಬಲ್ಲಿ ನೋಡಿ. ಯಾವುದೂ ಸಿಗದಿದ್ದರೆ ಫೋನ್ ನಂಬರ್ ಅಥವಾ ಬೇರೆ ಮೇಲ್ ವಿಳಾಸ ಕೊಟ್ಟು ಹೆಸರು ಹುಡುಕಲು ಗೂಗಲ್‌ನದೇ ಪುಟವಿದೆ:

```
https://accounts.google.com/signin/usernamerecovery
```

ನಮಗೆ ಸಿಕ್ಕಿದ್ದು ಟಿವಿಯಲ್ಲಿ. ಅಣ್ಣ 2021ರಲ್ಲಿ ಟಿವಿ ತಂದಾಗ ತನ್ನ ಅಪ್ಪನ ಅಕೌಂಟನ್ನೇ ಹಾಕಿ ಹೋಗಿದ್ದ, ಅವನಿಗೂ ಅದು ಮರೆತುಹೋಗಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ಸ್ ತೆರೆದೆ. ವಿಳಾಸ ಅಕ್ಷರ ಅಕ್ಷರವಾಗಿ ಅಲ್ಲೇ ಇತ್ತು, ಅಂಡರ್‌ಸ್ಕೋರ್ ಇಲ್ಲದೆ, ಕೊನೆಯಲ್ಲಿ 52 ಸೇರಿ. ದೊಡ್ಡಪ್ಪ ದಿನಾ ಸಂಜೆ ಅದೇ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ಹರಿಕಥೆ ಕೇಳುತ್ತಾರೆ. ಮೇಲ್ ತೆರೆದು ಎಷ್ಟೋ ವರ್ಷವಾಗಿದ್ದರೂ ಅಕೌಂಟ್ ಉಳಿದದ್ದು ಆ ಹರಿಕಥೆಯಿಂದ.

ವಿಳಾಸ ಸರಿಯಾಗಿದೆ, ಆದರೂ ಅಕೌಂಟ್ ಸಿಗುತ್ತಿಲ್ಲ

ಈಗ ಬೇರೆ ಯಾರದಾದರೂ ಮೇಲ್‌ನಿಂದ ಆ ವಿಳಾಸಕ್ಕೆ ಒಂದು ಸಾಲು ಬರೆದು ಕಳಿಸಿ. ಐದು ನಿಮಿಷ ಕಾಯಿರಿ. ವಾಪಸ್ ಬಂದರೆ, ಬಂದ ಕಾರಣವನ್ನು ಓದಿ. ಜನ ಇದನ್ನು ಓದದೆ ಅಳಿಸಿಬಿಡುತ್ತಾರೆ, ಆದರೆ ಇಡೀ ಪರೀಕ್ಷೆಯಲ್ಲಿ ಜಾಸ್ತಿ ಮಾಹಿತಿ ಕೊಡುವುದು ಇದೇ.

```
550 5.1.1 The email account that you tried to reach does not exist.
550 5.2.1 The email account that you tried to reach is disabled.
```

ಮೊದಲನೆಯದು ಬಂದರೆ ಆ ಹೆಸರಿನ ಪೆಟ್ಟಿಗೆ ಇಲ್ಲ. ಎಂದೂ ಇರಲಿಲ್ಲವೋ, ಇದ್ದು ಅಳಿಸಿದರೋ, ಎರಡಕ್ಕೂ ಇದೇ ಉತ್ತರ. ಎರಡನೆಯದು ಬಂದರೆ ಪೆಟ್ಟಿಗೆ ಇದೆ, ಆದರೆ ತಡೆದಿದ್ದಾರೆ. ಅದಕ್ಕೆ ದಾರಿ ಬೇರೆ, ಕೆಳಗೆ ಹೇಳುತ್ತೇನೆ. ಏನೂ ವಾಪಸ್ ಬರದಿದ್ದರೆ ಮೇಲ್ ಒಳಗೆ ಹೋಗಿ ಕೂತಿದೆ, ಅಂದರೆ ಪೆಟ್ಟಿಗೆ ಜೀವಂತವಾಗಿದೆ. ಆದರೆ ಆ ವಿಳಾಸ ನಿಮ್ಮದೇ ಅನ್ನುವುದಕ್ಕೆ ಇದು ಸಾಕ್ಷಿಯಲ್ಲ. ನಿಮ್ಮದೇ ಹೆಸರಿನ ಇನ್ನೊಬ್ಬರದೂ ಇರಬಹುದು. ಹಾಗಾಗಿ ಆ ಸಾಲಿನಲ್ಲಿ ಗುಟ್ಟಿನದೇನೂ ಬರೆಯಬೇಡಿ.

ಕೆಲವರು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಅದೇ ಹೆಸರಿನಲ್ಲಿ ಹೊಸ ಅಕೌಂಟ್ ಮಾಡಲು ಹೋಗುತ್ತಾರೆ, `That username is taken` ಅಂತ ಬಂದರೆ "ಓ, ಇದೆ" ಅಂತ ಖುಷಿಪಡುತ್ತಾರೆ. ಇದರಿಂದ ಏನೂ ತಿಳಿಯುವುದಿಲ್ಲ. ಅಳಿಸಿದ ಜಿಮೇಲ್ ಹೆಸರನ್ನು ಗೂಗಲ್ ಮತ್ತೆ ಯಾರಿಗೂ ಕೊಡುವುದಿಲ್ಲ, ಮೊದಲಿನ ಮಾಲೀಕರಿಗೂ ಕೊಡುವುದಿಲ್ಲ. ಸತ್ತ ಹೆಸರಿಗೂ ಬದುಕಿರುವ ಹೆಸರಿಗೂ ಅಲ್ಲಿ ಒಂದೇ ಉತ್ತರ.

ಇದೇ ಹೊತ್ತಿಗೆ, ಪಾಸ್‌ವರ್ಡ್ ಮರೆತರೆ ಇರಲಿ ಎಂದು ರಿಕವರಿ ಮೇಲ್ ಅಂತ ಕೊಟ್ಟಿದ್ದ ಇನ್ನೊಂದು ಪೆಟ್ಟಿಗೆಯನ್ನೂ ತೆರೆದು, ಸ್ಪ್ಯಾಮ್ ಸೇರಿಸಿ ಹುಡುಕಿ. ಅಳಿಸುವ ಮುಂಚಿನ ತಿಂಗಳುಗಳಲ್ಲಿ ಆ ಅಕೌಂಟಿಗೂ ರಿಕವರಿ ಮೇಲ್‌ಗೂ ಗೂಗಲ್ ಎಚ್ಚರಿಕೆ ಕಳಿಸುತ್ತದೆ. ಅದರಲ್ಲಿರುವ ಲಿಂಕ್ ಒತ್ತಬೇಡಿ, ಅದೇ ವೇಷದಲ್ಲಿ ಕಳ್ಳ ಮೇಲ್‌ಗಳೂ ಬರುತ್ತವೆ. ದಿನಾಂಕ ಮಾತ್ರ ನೋಡಿ, ಲಾಗಿನ್ ನೀವೇ ವಿಳಾಸ ಟೈಪ್ ಮಾಡಿ ಆಗಿ. ದಿನಾಂಕ ಇನ್ನೂ ಮುಂದಿದ್ದರೆ ಒಂದು ಸಲ ಲಾಗಿನ್ ಆದರೆ ಸಾಕು, ಎರಡು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಇತ್ತೀಚೆಗಷ್ಟೇ ಅಳಿಸಲಾಗಿದೆ ಎಂದು ತೋರಿಸುತ್ತಿದೆ

ತಡಮಾಡಬೇಡಿ. ಅವತ್ತೇ ಕೂತು ಪ್ರಯತ್ನಿಸಿ. ಅಳಿಸಿದ ಹೊಸದರಲ್ಲಿ ಅಕೌಂಟ್ ವಾಪಸ್ ಬರುವ ಸಾಧ್ಯತೆ ಇರುತ್ತದೆ, ದಿನ ಕಳೆದಂತೆ ಒಳಗಿನ ಮೇಲ್, ಫೋಟೋ ಬರುವುದು ಕಷ್ಟವಾಗುತ್ತದೆ. "ಭಾನುವಾರ ಮಗ ಬರ್ತಾನೆ, ನೋಡೋಣ" ಅನ್ನುವಂಥ ವಿಷಯವಲ್ಲ ಇದು. ವಾಪಸ್ ಬಂದರೆ ಹೆಸರು, ಮೇಲ್ ಎಲ್ಲ ಒಟ್ಟಿಗೆ ಬರುತ್ತದೆ. ಹೆಸರೊಂದನ್ನೇ ಬಿಡಿಸಿಕೊಳ್ಳುವ ದಾರಿ ಇಲ್ಲ.

ಅಕೌಂಟ್ ಇದೆ, ಆದರೆ ನಿಮ್ಮದು ಎಂದು ಒಪ್ಪುತ್ತಿಲ್ಲ

ನಿಜವಾದ ಹೋರಾಟ ಇಲ್ಲಿ. ಪುಟ ಇದು, ಇದೊಂದೇ:

```
https://accounts.google.com/signin/recovery
```

ಎಲ್ಲಿ ಕೂತು ಮಾಡುತ್ತೀರಿ ಅನ್ನುವುದು ತುಂಬಾ ಮುಖ್ಯ. ಹಿಂದೆ ಆ ಅಕೌಂಟ್ ಬಳಸಿದ ಫೋನು ಅಥವಾ ಕಂಪ್ಯೂಟರ್, ಅದೇ ಮನೆಯ ವೈಫೈ, ಅದೇ ಬ್ರೌಸರ್ ಇದ್ದರೆ ಒಪ್ಪಿಗೆ ಬೇಗ ಸಿಗುತ್ತದೆ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ, ವಿಪಿಎನ್ ಹಾಕಿಕೊಂಡು, ಮೆಟ್ರೋದಲ್ಲಿ ನಿಂತು ಮಾಡಬೇಡಿ. ಮೊಬೈಲ್ ಅಂಗಡಿಯಲ್ಲಂತೂ ಬೇಡವೇ ಬೇಡ. ಆ ಕಂಪ್ಯೂಟರನ್ನು ನಿಮ್ಮ ಅಕೌಂಟ್ ಎಂದೂ ಕಂಡಿಲ್ಲ.

ನಾವು ದೊಡ್ಡಪ್ಪನ ಮನೆಯ ವೈಫೈಯಲ್ಲೇ ಕೂತೆವು. ಕೊನೆಯ ಪಾಸ್‌ವರ್ಡ್ ಯಾವುದು ಎಂದು ಕೇಳಿತು. ಅವರಿಗೆ ಪೂರ್ತಿ ನೆನಪಿಲ್ಲ. ಆದರೂ ಖಾಲಿ ಬಿಡಬಾರದು, ಹತ್ತಿರದ ಊಹೆ ಕೊಡುವುದೇ ಒಳ್ಳೆಯದು. ಸ್ಕೂಟರ್ ನಂಬರ್ ಸೇರಿಸಿ ಏನೋ ಹಾಕಿದರು. ಆಮೇಲೆ ಪರದೆಯ ಮೇಲೆ ಚುಕ್ಕಿಗಳ ಸಾಲು, ಕೊನೆಯಲ್ಲಿ 47 ಎಂಬ ಎರಡು ಅಂಕಿ. ಆ ನಂಬರಿಗೆ ಕೋಡ್ ಕಳಿಸಲೇ ಅಂತ ಕೇಳುತ್ತಿತ್ತು. ದೊಡ್ಡಪ್ಪನ ನಂಬರ್ 47ಕ್ಕೆ ಮುಗಿಯುವುದಿಲ್ಲ. "ಯಾರದು ಇದು?" ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಡುಗೆಮನೆಯಿಂದ ದೊಡ್ಡಮ್ಮ ಕೂಗಿ ಹೇಳಿದರು: "ನಲವತ್ತೇಳು ನಂದಲ್ವಾ!" ಕೀಪ್ಯಾಡ್ ಫೋನನ್ನು ಸೆರಗಿನಲ್ಲಿ ಒರೆಸುತ್ತಾ ಬಂದರು. ಆರು ಅಂಕಿಯ ಕೋಡ್ ಅದರಲ್ಲಿ ಬಂದಿತ್ತು.

ಎಲ್ಲರ ಮನೆಯಲ್ಲೂ ಆ ನಂಬರ್ ಉಳಿದಿರುವುದಿಲ್ಲ. ನಮ್ಮ ದೇಶದಲ್ಲಿ ಬಳಸದೆ ಬಿಟ್ಟ ಪ್ರೀಪೇಯ್ಡ್ ಸಿಮ್ ನಿಂತುಹೋಗುತ್ತದೆ, ನಿಂತ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು. ಹಾಗಾಗಿ ಕೋಡ್ ಕಳಿಸುವ ಮುಂಚೆ ಆ ನಂಬರಿಗೆ ಒಂದು ಫೋನ್ ಮಾಡಿ ನೋಡಿ. ಬೇರೆ ಯಾರೋ ಎತ್ತಿದರೆ ಅವರಿಂದ ಕೋಡ್ ಕೇಳಲು ಹೋಗಬೇಡಿ. ಅವರು ಹೆದರುತ್ತಾರೆ, ಓಟಿಪಿ ಕೇಳುವವರೆಲ್ಲ ಕಳ್ಳರೇ ಎಂದು ಎಲ್ಲರಿಗೂ ಹೇಳಿಕೊಟ್ಟಿದ್ದೇವೆ, ಮತ್ತು ಅದು ಸರಿ. ಬದಲಿಗೆ `Try another way` ಒತ್ತಿ ಮುಂದಿನ ದಾರಿ ನೋಡಿ. ಸಿಮ್ ಮಾತ್ರ ಕಳೆದಿದೆ, ನಂಬರ್ ಇನ್ನೂ ನಿಮ್ಮ ಹೆಸರಿನಲ್ಲೇ ಇದೆ ಅಂದರೆ ಕಂಪನಿಯ ಮಳಿಗೆಗೆ ಗುರುತಿನ ಚೀಟಿ ತೆಗೆದುಕೊಂಡು ಹೋಗಿ ಬದಲಿ ಸಿಮ್ ತನ್ನಿ. ಅದು ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಅದು ಕಳ್ಳತನ ತಡೆಯಲು ಇರುವ ನಿಯಮ. ಸಿಮ್ ಕೆಟ್ಟಿದೆ ಅಂದುಕೊಳ್ಳಬೇಡಿ, ಮರುದಿನ ಕೋಡ್ ಕೇಳಿ.

ಕೊನೆಗೆ "ಈ ಅಕೌಂಟ್ ನಿಮ್ಮದು ಎಂದು ಖಚಿತಪಡಿಸಲು ಆಗಲಿಲ್ಲ" ಎನ್ನುವ ಅರ್ಥದ ಉತ್ತರ ಬಂದರೆ ಅವತ್ತಿಗೆ ನಿಲ್ಲಿಸಿ. ಮತ್ತೆ ಮತ್ತೆ ಒತ್ತಿದರೆ ತಡೆ ಬೀಳುತ್ತದೆ. ಕೆಲವು ದಿನ ಬಿಟ್ಟು, ಹೊಸ ಸುಳಿವು ಏನಾದರೂ ಸಿಕ್ಕ ಮೇಲೆ, ಇನ್ನೂ ಹಳೆಯ ಸಾಧನದಿಂದ ಪ್ರಯತ್ನಿಸಿ. ಹಳೆಯ ಪಾಸ್‌ವರ್ಡ್ ಡೈರಿಯಲ್ಲಿ ಸಿಗುವುದು, ಅಟ್ಟದ ಮೇಲಿನ ಲ್ಯಾಪ್‌ಟಾಪ್ ಚಾಲೂ ಆಗುವುದು, ಇಂಥವು ಲೆಕ್ಕಕ್ಕೆ ಬರುವ ಸುಳಿವು.

ಅಕೌಂಟ್ `disabled` ಎನ್ನುತ್ತಿದೆ

ಇದು ಬಳಸದೆ ಬಿಟ್ಟಿದ್ದಕ್ಕೆ ಆದದ್ದಲ್ಲ. ನಿಯಮ ಮುರಿದಿದೆ ಎಂದೋ, ಯಾರೋ ಕದ್ದು ಬಳಸಿದ್ದಾರೆ ಎಂದೋ ತಡೆದಿರುತ್ತಾರೆ. ಲಾಗಿನ್ ಆಗಲು ಹೋದಾಗ ಅಲ್ಲೇ ಮೇಲ್ಮನವಿ ಸಲ್ಲಿಸುವ ದಾರಿ ತೋರಿಸುತ್ತದೆ. ಮುಟ್ಟದೇ ಇದ್ದ ಅಕೌಂಟನ್ನು ಬೇರೆಯವರು ಹಿಡಿದು ಸ್ಪ್ಯಾಮ್ ಕಳಿಸಿರುವುದು ಸಾಧ್ಯ, ಅದನ್ನೇ ನೇರವಾಗಿ ಬರೆಯಿರಿ.

ಲಾಗಿನ್ ಆಯಿತು, ಒಳಗೆ ಖಾಲಿ

ಅಕೌಂಟ್ ಉಳಿಯುವುದು ಬೇರೆ, ಒಳಗಿನದು ಉಳಿಯುವುದು ಬೇರೆ. ಗೂಗಲ್ ಫೋಟೋಸ್‌ಗೆ ಪ್ರತ್ಯೇಕ ಲೆಕ್ಕವಿದೆ: ಎರಡು ವರ್ಷಕ್ಕೊಮ್ಮೆಯಾದರೂ ಫೋಟೋಸ್ ಒಳಗೇ ಹೋಗಬೇಕು. ಟಿವಿಯಲ್ಲಿ ಯೂಟ್ಯೂಬ್ ನೋಡಿದರೆ ಅಕೌಂಟ್ ಉಳಿಯಬಹುದು, ಫೋಟೋಗಳು ಉಳಿಯುತ್ತವೆ ಅನ್ನುವಂತಿಲ್ಲ. ಇದು ಗೊತ್ತಿದ್ದದ್ದರಿಂದಲೇ ದೊಡ್ಡಪ್ಪನ ಫೋಟೋಸ್ ತೆರೆಯುವಾಗ ನನ್ನ ಕೈ ತಣ್ಣಗಾಗಿತ್ತು. ಇದ್ದವು. 2016ರಲ್ಲಿ ಪಿಕಾಸಾ ವೆಬ್ ಆಲ್ಬಂ ಮುಚ್ಚಿದಾಗ ಗೂಗಲ್ ಫೋಟೋಸ್‌ಗೆ ಬಂದು ಸೇರಿದ್ದ ಚಿತ್ರಗಳು ಅವು. ಒಂದರಲ್ಲಿ ತಾತ ಜರಿ ಪೇಟ ಸರಿಮಾಡಿಕೊಳ್ಳುತ್ತಿದ್ದಾರೆ, ಹಿಂದೆ ಯಾರದೋ ಕೈಯಲ್ಲಿ ಆರತಿ ತಟ್ಟೆ. ದೊಡ್ಡಪ್ಪ ಅದೊಂದನ್ನೇ ತುಂಬಾ ಹೊತ್ತು ದೊಡ್ಡದು ಮಾಡಿ ನೋಡಿದರು.

ಮೈಕ್ರೋಸಾಫ್ಟ್‌ನ ಔಟ್‌ಲುಕ್, ಹಾಟ್‌ಮೇಲ್ ಇದ್ದವರಿಗೆ ಈ ಲಕ್ಷಣ ಇನ್ನೂ ಜಾಸ್ತಿ ಕಾಣುತ್ತದೆ. ಅಲ್ಲಿ ಅಕೌಂಟಿಗೆ ಎರಡು ವರ್ಷ, ಆದರೆ ಉಚಿತ ಮೇಲ್ ಪೆಟ್ಟಿಗೆಗೆ ಒಂದೇ ವರ್ಷ. ಪಾಸ್‌ವರ್ಡ್ ಒಪ್ಪುತ್ತದೆ, ಒಳಗೆ ಹೋದರೆ ಒಂದು ಮೇಲೂ ಇರುವುದಿಲ್ಲ. ಹಾಗೆ ಹೋದ ಮೇಲ್ ವಾಪಸ್ ಬರುವುದಿಲ್ಲ.

ನಿಜವಾಗಿಯೂ ಹೋಗಿದೆ ಎಂದು ಖಚಿತವಾದರೆ

ಸರ್ವರ್‌ನಲ್ಲಿ ಹೋಗಿದ್ದರೂ ಮನೆಯಲ್ಲಿ ನಕಲು ಉಳಿದಿರಬಹುದು. ರಾಜಾಜಿನಗರದ ನನ್ನ ಗೆಳತಿಗೆ ಹೀಗೇ ಆಗಿತ್ತು, ಬೇರೊಂದು ಮೇಲ್ ಸೇವೆಯಲ್ಲಿ. ಅವಳ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಇತ್ತು, ಮೇಲ್‌ಗಳ ನಕಲನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವ ತಂತ್ರಾಂಶ ಅದು. ಅದನ್ನು ಚಾಲೂ ಮಾಡುವ ಮುಂಚೆ ಮನೆಯ ವೈಫೈ ರೂಟರ್‌ನ ಸ್ವಿಚ್ ತೆಗೆಸಿದೆ. ಕಾರಣ ಇದು: ನೆಟ್ ಸಿಕ್ಕಿದ ತಕ್ಷಣ ತಂತ್ರಾಂಶ ಸರ್ವರ್ ಜೊತೆ ಹೊಂದಿಸಿಕೊಳ್ಳಲು ಹೋಗುತ್ತದೆ, ಅಲ್ಲಿ ಪೆಟ್ಟಿಗೆ ಖಾಲಿ ಎಂದು ಕಂಡರೆ ಇಲ್ಲಿರುವುದನ್ನೂ ಖಾಲಿ ಮಾಡಬಹುದು. ನೆಟ್ ಇಲ್ಲದೆ ತೆರೆದೆವು, ಮೊದಲು ಮೇಲ್‌ಗಳೆಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿದೆವು, ಆಮೇಲೆ ಮೇಲ್‌ಗಳನ್ನು `Local Folders` ಒಳಗೆ ನಕಲಿಸಿದೆವು. ನಾಲ್ಕು ವರ್ಷದ ಮೇಲ್ ಸಿಕ್ಕಿತು. ಹೆಸರು ಸಿಗಲಿಲ್ಲ. ಹಳೆಯ ಫೋನಿಗೂ ಇದೇ ಎಚ್ಚರಿಕೆ: ಸಿಮ್ ತೆಗೆದು, ವೈಫೈ ಸಿಗದ ಜಾಗದಲ್ಲಿ ಚಾಲೂ ಮಾಡಿ, ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಗ್ಯಾಲರಿಯಲ್ಲಿರುವುದನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ರಿಪೇರಿಯವರ ಹತ್ತಿರ ಬ್ಯಾಟರಿ ಬದಲಿಸಿಕೊಂಡು ಬನ್ನಿ.

ಹೆಸರು ಹೋದ ಮೇಲೆ ಇನ್ನೊಂದು ಕೆಲಸವಿದೆ. ಬ್ಯಾಂಕು, ಪಿಎಫ್, ಡಿಜಿಲಾಕರ್, ಬೆಸ್ಕಾಂ, ರೈಲ್ವೆ ಟಿಕೆಟ್, ಎಲ್ಲೆಲ್ಲಿ ಆ ಮೇಲ್ ಕೊಟ್ಟಿದ್ದೀರೋ ಅಲ್ಲೆಲ್ಲ ಬದಲಿಸಿ. ಹಳೆಯ ಯಾಹೂ ಐಡಿ ಆಗಿದ್ದರೆ ಇದಕ್ಕೆ ಅವಸರವಿದೆ. ಒಂದು ವರ್ಷಕ್ಕಿಂತ ಜಾಸ್ತಿ ಬಳಸದ ಐಡಿಗಳನ್ನು ಯಾಹೂ 2013ರಲ್ಲಿ ಬೇರೆಯವರಿಗೆ ಬಿಟ್ಟುಕೊಟ್ಟಿತ್ತು. ಅಂದರೆ ನಿಮ್ಮ ಹಳೆಯ ವಿಳಾಸಕ್ಕೆ ಬರುವ ಪಾಸ್‌ವರ್ಡ್ ಬದಲಿಸುವ ಲಿಂಕ್ ಬೇರೆ ಯಾರದೋ ಪೆಟ್ಟಿಗೆಗೆ ಹೋಗಬಹುದು.

ದುಡ್ಡು ಕೇಳುವವರು

ಅಂಗಡಿಯ ಹುಡುಗನಿಗೆ ಸಾವಿರದ ಐನೂರು ಕೊಟ್ಟಿದ್ದರೆ ಏನಾಗುತ್ತಿತ್ತು? ಅವನು ಮಾಡುವುದೂ ಮೇಲಿನ ಅದೇ ಪುಟದಲ್ಲಿ, ಅದೂ ಪರಿಚಯವಿಲ್ಲದ ಕಂಪ್ಯೂಟರಿನಿಂದ. ಜಿಮೇಲ್ ಬಿಡಿಸಿಕೊಡಲು ಫೋನಿನಲ್ಲಿ ಸಿಗುವ ಗೂಗಲ್ ಕಸ್ಟಮರ್ ಕೇರ್ ಇಲ್ಲ. ಹುಡುಕಿದಾಗ ಸಿಗುವ ಅಂಥ ನಂಬರುಗಳು ಮೋಸದವು. ಓಟಿಪಿ ಕೇಳಿದರೆ, ಪರದೆ ತೋರಿಸುವ ಆಪ್ ಹಾಕಿಕೊಳ್ಳಿ ಎಂದರೆ, ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಇಲ್ಲವೇ `cybercrime.gov.in`ನಲ್ಲಿ ದೂರು ಕೊಡಿ.

ಅವತ್ತು ಸಂಜೆ ಹೊರಡುವ ಮುಂಚೆ `takeout.google.com`ಗೆ ಹೋಗಿ ದೊಡ್ಡಪ್ಪನ ಫೋಟೋ, ಮೇಲ್ ಎಲ್ಲದರ ನಕಲು ಕೇಳಿ ಹಾಕಿದೆ. ರಿಕವರಿ ನಂಬರನ್ನು ಅವರದೇ ನಂಬರಿಗೆ ಬದಲಿಸಿದೆ, ರಿಕವರಿ ಮೇಲ್‌ಗೆ ನನ್ನದನ್ನು ಕೊಟ್ಟೆ. ಇನಾಕ್ಟಿವ್ ಅಕೌಂಟ್ ಮ್ಯಾನೇಜರ್‌ನಲ್ಲಿ 18 ತಿಂಗಳು ಆರಿಸಿ ಅಣ್ಣನ ಹೆಸರು ಸೇರಿಸಿದೆ. ಅಷ್ಟು ದಿನ ಅಕೌಂಟ್ ಸುಮ್ಮನಿದ್ದರೆ ಅವನಿಗೆ ಸುದ್ದಿ ಹೋಗುತ್ತದೆ. ಮರುದಿನ ಬೆಳಿಗ್ಗೆ ದೊಡ್ಡಮ್ಮನ ಫೋನ್ ಬಂತು: "ಡೌನ್‌ಲೋಡ್ ರೆಡಿ ಅಂತ ಮೇಲ್ ಬಂದಿದೆಯಂತೆ, ಪೆನ್‌ಡ್ರೈವ್ ತಗೊಂಡು ಬರ್ತೀಯಾ?"